ಪಶ್ಚಿಮದ ಕಿಟಕಿಗೆ ನೆರಳು: ಲೆಕ್ಕ ಹಾಕುವುದು ಹೇಗೆ?

ಹಸಿರು ಕಟ್ಟಡದ ಐಚ್ಛಿಕ ವಿಷಯಕ್ಕೆ ವಿದ್ಯಾರ್ಥಿಗಳು ತರುವ ನಕ್ಷೆಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನಾಲ್ಕೂ ದಿಕ್ಕಿನ ಕಿಟಕಿಗೆ ಒಂದೇ ಎರಡಡಿ ಸಜ್ಜಾ, ಪಕ್ಕದಲ್ಲಿ 'ನೆರಳು ಒದಗಿಸಲಾಗಿದೆ' ಎಂಬ ಸಾಲು. ಆ ನೆರಳು ಯಾವ ತಿಂಗಳು, ಎಷ್ಟು ಗಂಟೆಗೆ, ಗಾಜಿನ ಎಷ್ಟು ಭಾಗದ ಮೇಲೆ ಬೀಳುತ್ತದೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಬೆಂಗಳೂರಿನ ಒಂದು ಫ್ಲಾಟ್ ತೆಗೆದುಕೊಂಡು ಅದನ್ನೇ ಲೆಕ್ಕ ಹಾಕೋಣ. ಹಾಲ್‌ನ ಪಶ್ಚಿಮ ಗೋಡೆಯಲ್ಲಿ 1.8 ಮೀಟರ್ ಅಗಲ, 1.2 ಮೀಟರ್ ಎತ್ತರದ ಕಿಟಕಿ ಇದೆ ಎಂದಿಟ್ಟುಕೊಳ್ಳಿ.

ಹಂತ 1: ದಿಕ್ಕು. ನಿವೇಶನಕ್ಕೇ ಹೋಗಿ ದಿಕ್ಸೂಚಿ ಇಟ್ಟು ನೋಡಿ. ಹಾಳೆಯ ಮೇಲ್ಭಾಗವೇ ಉತ್ತರ ಅಂದುಕೊಳ್ಳಬೇಡಿ.

ಹಂತ 2: ಗಡಿಯಾರವನ್ನು ಸೂರ್ಯನ ಸಮಯಕ್ಕೆ ತನ್ನಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು ಸುಮಾರು 77.6ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸುಮಾರು 20 ನಿಮಿಷದ ವ್ಯತ್ಯಾಸ. ಮಾರ್ಚ್ 21ರ ಹೊತ್ತಿಗೆ ಇನ್ನೂ ಏಳು ನಿಮಿಷ ಸೇರುತ್ತದೆ. ಹಾಗಾಗಿ ಸೂರ್ಯನ ಲೆಕ್ಕದ 4 ಗಂಟೆ ಅಂದರೆ ಗಡಿಯಾರದಲ್ಲಿ ಸುಮಾರು 4:27. ಇದನ್ನು ಬಿಟ್ಟರೆ ಕೋನ ಏಳು ಡಿಗ್ರಿಯಷ್ಟು ತಪ್ಪುತ್ತದೆ.

ಹಂತ 3: ನೆರಳು ಎಲ್ಲಿಗೆ ಇಳಿಯುತ್ತದೆ? ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಮಾರ್ಚ್ 21ಕ್ಕೆ ಪಶ್ಚಿಮ ಗೋಡೆಯ ಸೂತ್ರ ಸುಲಭ:

```
tan(P) = cos(L) / tan(H)
L = 13°
H = 15° × (ಮಧ್ಯಾಹ್ನ 12ರ ನಂತರದ ಗಂಟೆಗಳು)
```

ಇಲ್ಲಿ L ನಮ್ಮ ಅಕ್ಷಾಂಶ. P ಅಂದರೆ ಗೋಡೆಯನ್ನು ಪಕ್ಕದಿಂದ ಸೀಳಿ ನೋಡಿದಾಗ ಬಿಸಿಲು ಇಳಿದು ಬರುವ ಕೋನ. ಸಜ್ಜಾದ ಚಾಚನ್ನು tan(P)ಯಿಂದ ಗುಣಿಸಿದರೆ ನೆರಳು ಎಷ್ಟು ಕೆಳಗಿಳಿಯುತ್ತದೆ ಎಂದು ಸಿಗುತ್ತದೆ. ಸಜ್ಜಾ ಕಿಟಕಿಯ ಮೇಲಂಚಿಗೇ ಇದ್ದು, ಎರಡೂ ಪಕ್ಕಕ್ಕೆ ಸ್ವಲ್ಪ ಚಾಚಿದೆ ಎಂದುಕೊಂಡಿದ್ದೇನೆ.

60 ಸೆಂಟಿಮೀಟರ್ ಸಜ್ಜಾ ಹಾಕಿ ನೋಡಿ. ಸೂರ್ಯನ ಸಮಯ 3 ಗಂಟೆಗೆ ನೆರಳು 58 ಸೆಂ.ಮೀ. ಇಳಿಯುತ್ತದೆ, ಅಂದರೆ ಕಿಟಕಿಯ ಅರ್ಧಕ್ಕೂ ಬರುವುದಿಲ್ಲ. 4 ಗಂಟೆಗೆ 34 ಸೆಂ.ಮೀ. 5 ಗಂಟೆಗೆ ಬರೀ 16. ಕಿಟಕಿ 120 ಸೆಂ.ಮೀ. ಎತ್ತರ ಇದೆ, ಉಳಿದ ಗಾಜಿಗೆಲ್ಲ ನೇರ ಬಿಸಿಲು. ಸಜ್ಜಾದಿಂದಲೇ 4 ಗಂಟೆಯ ಬಿಸಿಲು ತಡೆಯಬೇಕೆಂದರೆ ಅದು 2.1 ಮೀಟರ್ ಚಾಚಬೇಕು. ಏಳಡಿ! ಅದನ್ನು ಯಾರೂ ಕಟ್ಟುವುದಿಲ್ಲ, ಅಲ್ವಾ?

ಈ ಲೆಕ್ಕ ನೋಡಿದ ಕೂಡಲೇ ಹಲವರು ಪಕ್ಕದಲ್ಲಿ ಉದ್ದುದ್ದ ಫಿನ್ ಬರೆಯುತ್ತಾರೆ. ಪಶ್ಚಿಮಕ್ಕೆ ಲಂಬ ಫಿನ್ ಎಂದು ಪಠ್ಯಪುಸ್ತಕಗಳಲ್ಲಿ ಇರುವುದೂ ಹೌದು. ಆದರೆ ಮಾರ್ಚ್ 21ರ 4 ಗಂಟೆಗೆ ನಮ್ಮಲ್ಲಿ ಸೂರ್ಯ ನೇರ ಪಶ್ಚಿಮದಿಂದ ದಕ್ಷಿಣಕ್ಕೆ ಏಳು ಡಿಗ್ರಿ ಮಾತ್ರ ಸರಿದಿರುತ್ತಾನೆ. ಏಪ್ರಿಲ್ ಮಧ್ಯಕ್ಕೆ ಹೆಚ್ಚುಕಡಿಮೆ ನೇರಕ್ಕೇ ಇರುತ್ತಾನೆ. ಗೋಡೆಗೆ ನೆಟ್ಟಗೆ ನಿಲ್ಲಿಸಿದ ಫಿನ್‌ಗಳ ಮಧ್ಯದಿಂದ ಬಿಸಿಲು ಸೀದಾ ಒಳಗೆ ಬರುತ್ತದೆ. ಅವು ಡಿಸೆಂಬರ್‌ನಲ್ಲಿ ಕೆಲಸ ಮಾಡುತ್ತವೆ, ಆಗ ನಮಗೆ ಬೇಕಾಗಿಯೇ ಇರುವುದಿಲ್ಲ.

ನನ್ನ ಸಲಹೆ ಒಂದೇ: ಹೊರಗಡೆ ಅಡ್ಡ ಪಟ್ಟಿಯ ಲೂವರ್. 10 ಸೆಂ.ಮೀ. ಅಗಲದ ಪಟ್ಟಿಯನ್ನು ಹೊರ ಅಂಚು ಕೆಳಗೆ ಬರುವಂತೆ 45 ಡಿಗ್ರಿ ಓರೆ ಮಾಡಿ. ಆಗ ಪಟ್ಟಿ 7 ಸೆಂ.ಮೀ. ಕೆಳಗಿಳಿದು, 7 ಸೆಂ.ಮೀ. ಹೊರಗೆ ಚಾಚುತ್ತದೆ. 5 ಗಂಟೆಗೆ tan(P) ಸುಮಾರು 0.26. ಹಾಗಾಗಿ ಎರಡು ಪಟ್ಟಿಗಳ ಅಂತರ 7 + (7 × 0.26), ಅಂದರೆ ಸುಮಾರು 8.8 ಸೆಂ.ಮೀ. ಒಳಗಿದ್ದರೆ ಸಾಕು. 8.5 ಇಡಿ. ಗಡಿಯಾರದ ಐದೂವರೆವರೆಗೆ ನೇರ ಬಿಸಿಲು ಗಾಜನ್ನು ಮುಟ್ಟುವುದಿಲ್ಲ, ಗಾಳಿಯೂ ಆಡುತ್ತದೆ, ಕೆಳಗಿನ ರಸ್ತೆಯೂ ಕಾಣುತ್ತದೆ. ದುಡ್ಡಿಲ್ಲದಿದ್ದರೆ ಹೊರಗಿನಿಂದ ಬಿದಿರಿನ ತಟ್ಟಿ ಇಳಿಬಿಡಿ. ಒಳಗಿನ ಪರದೆಯನ್ನು ಮಾತ್ರ ನೆರಳು ಎಂದು ಬರೆಯಬೇಡಿ. ಪರದೆಗೆ ತಾಗುವ ಹೊತ್ತಿಗೆ ಬಿಸಿಲು ಗಾಜು ದಾಟಿ ಮನೆಯೊಳಗೆ ಬಂದಾಗಿರುತ್ತದೆ.

ಉತ್ತರದ ಕಿಟಕಿಗೂ ಚಿಕ್ಕ ಸಜ್ಜಾ ಬೇಕು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. 'ಉತ್ತರಕ್ಕೆ ಬಿಸಿಲೇ ಇಲ್ಲ' ಎನ್ನುವುದು ಯುರೋಪಿನ ಪುಸ್ತಕದ ಮಾತು.

ಹಂತ 4: ಮಾನದಂಡಕ್ಕೆ ಹೊಂದಿಸಿ ನೋಡಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಮನೆಗಳಿಗಾಗಿ 2018ರಲ್ಲಿ ಇಕೋ ನಿವಾಸ ಸಂಹಿತೆ ತಂದಿತು. ಅದರಲ್ಲಿ ಆರ್‌ಇಟಿವಿ ಎಂಬ ಅಳತೆ ಇದೆ. ಚಾವಣಿ ಬಿಟ್ಟು ಗೋಡೆ-ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ದಾಟಬಾರದು ಎಂಬುದು ನಿಯಮ.

ಲೆಕ್ಕದಲ್ಲಿ ಮೂರು ಭಾಗಗಳಿವೆ: ಗೋಡೆ ದಾಟುವ ಶಾಖ, ಗಾಜು ದಾಟುವ ಶಾಖ, ಗಾಜಿನಲ್ಲಿ ನುಗ್ಗುವ ಬಿಸಿಲು. ಬೆಂಗಳೂರಿನಂಥ ಸಮಶೀತೋಷ್ಣ ಊರಿಗೆ ಇವುಗಳ ಗುಣಕಗಳು ಕ್ರಮವಾಗಿ 3.38, 0.37 ಮತ್ತು 63.69. ಪಶ್ಚಿಮ ದಿಕ್ಕಿನ ಗುಣಕ 1.156. ನಮ್ಮ ಕಿಟಕಿ 2.16 ಚದರ ಮೀಟರ್. ಹೊರಗೋಡೆ ಕಿಟಕಿಯೂ ಸೇರಿ 60 ಚದರ ಮೀಟರ್, ಗಾಜು ಬಿಸಿಲಿನ ಶಾಖದ 0.82 ಭಾಗ ಬಿಡುವ ಸಾದಾ ಗಾಜು ಎಂದಿಟ್ಟುಕೊಂಡರೆ ಬಿಸಿಲಿನ ಪಾಲು ಹೀಗೆ:

```
63.69 × 2.16 × 0.82 × 1.156 / 60 = 2.17
```

ಇಡೀ ಫ್ಲಾಟಿಗೆ ಸಿಗುವ 15ರಲ್ಲಿ ಎರಡಕ್ಕಿಂತ ಜಾಸ್ತಿ ಈ ಒಂದೇ ಕಿಟಕಿ ತಿಂದಿತು. ಈಗ ಡಬಲ್ ಗಾಜು ಹಾಕಿ, ಗಾಜಿನ ಯು-ಮೌಲ್ಯ, ಅಂದರೆ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, 5.8ರಿಂದ 2.8ಕ್ಕೆ ಇಳಿಯಿತು ಅನ್ನೋಣ. ಆ ಇಳಿಕೆಯಿಂದ ಉಳಿಯುವುದು:

```
0.37 × 2.16 × 3 × 1.156 / 60 = 0.05
```

ಅಷ್ಟೇ. ಬಿಸಿಲನ್ನೂ ತಡೆಯುವ ಗಾಜಾದರೆ ಇನ್ನಷ್ಟು ಇಳಿಯುತ್ತದೆ, ಆದರೆ ಅದೇ ದುಡ್ಡನ್ನು ಹೊರಗಿನ ನೆರಳಿಗೆ ಹಾಕಿ ಎಂದೇ ನಾನು ಹೇಳುತ್ತೇನೆ. ಅಂಗಡಿಯವರು ಹೊಗಳುವ ಕಪ್ಪು ಫಿಲ್ಮ್ ಬೇಡ. ಅದು ಬಿಸಿಲು ಹೀರಿ ಗಾಜನ್ನೇ ಕಾಯಿಸುತ್ತದೆ, ಮಟಮಟ ಮಧ್ಯಾಹ್ನ ಹಾಲ್‌ನಲ್ಲಿ ದೀಪ ಹಾಕುವಂತೆ ಮಾಡುತ್ತದೆ. ಕಿಟಕಿಗಳ ಪಾಲು ಗೋಡೆಯ ಶೇ 30ರೊಳಗಿದ್ದರೆ ಗಾಜು ಕನಿಷ್ಠ ಶೇ 27ರಷ್ಟು ಬೆಳಕು ಬಿಡಬೇಕು ಎಂದು ಸಂಹಿತೆಯಲ್ಲೇ ಇದೆ.

ಹಂತ 5: ಗಾಳಿ ಮತ್ತು ಚಾವಣಿ. ಸಂಹಿತೆಯ ಪ್ರಕಾರ ಬೆಂಗಳೂರಿನಲ್ಲಿ ಕಿಟಕಿ ಮುಂತಾದವುಗಳ ತೆರೆಯಬಹುದಾದ ಭಾಗ ಮನೆಯ ಕಾರ್ಪೆಟ್ ವಿಸ್ತೀರ್ಣದ ಕನಿಷ್ಠ ಶೇ 12.5 ಇರಬೇಕು. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ನಮ್ಮ 2.16ರ ಕಿಟಕಿ ಸ್ಲೈಡಿಂಗ್ ಆದರೆ ಲೆಕ್ಕಕ್ಕೆ ಸಿಗುವುದು 1.08. ಹೊರಗೆ ತೆರೆಯುವ ಬಾಗಿಲಿನ ಕಿಟಕಿ ಬೇಕೆನಿಸಿದರೆ, ಲೂವರ್ ಅದಕ್ಕೆ ಅಡ್ಡ ಬರದಂತೆ ಈಗಲೇ ಜಾಗ ಬಿಡಿ, ಇಲ್ಲವೇ ಒಳಕ್ಕೆ ತೆರೆಯುವಂತೆ ಮಾಡಿ.

ಚಾವಣಿಯ ಯು-ಮೌಲ್ಯ 1.2 ಮೀರಬಾರದು. ಬರೀ ಕಾಂಕ್ರೀಟ್ ಸ್ಲ್ಯಾಬ್ ಇದನ್ನು ಮುಟ್ಟುವುದಿಲ್ಲ. ಬಿಳಿ ಬಣ್ಣ ಬಳಿದರೆ ಮನೆ ಖಂಡಿತ ತಂಪಾಗುತ್ತದೆ, ಬಳಿಯಿರಿ. ಆದರೆ ಬಣ್ಣದಿಂದ ಯು-ಮೌಲ್ಯ ಬದಲಾಗುವುದಿಲ್ಲ. ಅದಕ್ಕೆ ಸ್ಲ್ಯಾಬ್ ಮೇಲೆ ಇನ್ಸುಲೇಷನ್ ಪದರವೇ ಬೇಕು.

ನಕ್ಷೆ ಒಪ್ಪಿಸುವಾಗ ಪಶ್ಚಿಮ ಗೋಡೆಯ ಸೀಳುನೋಟದಲ್ಲಿ 3, 4, 5 ಗಂಟೆಯ ಬಿಸಿಲಿನ ಗೆರೆಗಳನ್ನು ಎಳೆದು, ಪಕ್ಕದಲ್ಲಿ ತಾರೀಖು ಮತ್ತು ಅದು ಸೂರ್ಯನ ಸಮಯವೋ ಗಡಿಯಾರದ್ದೋ ಎಂದು ಬರೆಯಿರಿ.