ಕೆಫೆ ಮೆನು ಫೋಟೊಗೆ ನಾನು ಬರೆಯುವ ಬ್ರೀಫ್

ಉಡುಪಿಯ ಒಂದು ಕೆಫೆಯ ಮೆನುವಿಗಾಗಿ ಫ್ರೀಲಾನ್ಸ್ ಫೋಟೊಗ್ರಾಫರ್‌ಗೆ ಕೊಟ್ಟ ಬ್ರೀಫಿನಲ್ಲಿ, ಅಂದರೆ ಫೋಟೊ ಹೇಗಿರಬೇಕೆಂದು ಬರೆದುಕೊಟ್ಟ ಸೂಚನೆಯಲ್ಲಿ, ಮೂಡ್ ಬಗ್ಗೆ ಬರೆದದ್ದು ಒಂದೇ ಸಾಲು: 'ಮಳೆಗಾಲದ ಬೆಳಗ್ಗೆ ಎಂಟು ಗಂಟೆ, ಕಿಟಕಿ ಪಕ್ಕದ ಮೇಜು, ತಿಂಡಿ ಈಗಷ್ಟೇ ಬಂದಿದೆ.' ಬರೀ 'ಫ್ರೆಶ್', 'ಹೋಮ್ಲಿ' ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಹೊತ್ತು ಮತ್ತು ಜಾಗ ಹೇಳಿಬಿಟ್ಟರೆ ಬೆಳಕು ಎಲ್ಲಿಂದ ಬರಬೇಕು ಎನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಎಡಗಡೆ ಕಿಟಕಿ, ಅದಕ್ಕೆ ತೆಳುವಾದ ಬಿಳಿ ಬಟ್ಟೆ. ನೆರಳು ತೀರಾ ಕಪ್ಪಾಗದಂತೆ ಬಲಗಡೆ ಥರ್ಮಾಕೋಲ್ ಶೀಟ್.

ಮೇಲಿನ ಬಲ್ಬುಗಳೆಲ್ಲ ಆಫ್ ಆಗಿರಬೇಕು ಅಂತಲೂ ಬರೆದಿಡಬೇಕು. ಮೋಡದ ಬೆಳಕು ನೀಲಿ, ಕೆಫೆಯ ವಾರ್ಮ್ ಎಲ್‌ಇಡಿ ಹಳದಿ. ಎರಡೂ ಸೇರಿದರೆ ನೀರುದೋಸೆಯ ಒಂದು ಮಗ್ಗುಲು ನೀಲಿಯಾಗಿ, ಇನ್ನೊಂದು ಹಳದಿಯಾಗಿ ಬರುತ್ತದೆ. ಆಮೇಲೆ ವೈಟ್ ಬ್ಯಾಲೆನ್ಸ್ ತಿದ್ದಿದರೂ ಒಂದು ಸರಿಯಾದಾಗ ಇನ್ನೊಂದು ಕೆಡುತ್ತದೆ.

ಬಣ್ಣಗಳು ನಾಲ್ಕೇ: ಕಡಪ ಕಲ್ಲಿನ ಕಪ್ಪು, ರೆಡ್ ಆಕ್ಸೈಡ್ ನೆಲದ ಕೆಂಪು, ಮಾಸಲು ಬಿಳಿ, ಬಾಳೆಲೆಯ ಹಸಿರು. ಬಾಳೆಲೆ ಗೋಳಿಬಜೆ, ಬನ್ಸ್‌ನಂಥ ಕಂದು ತಿಂಡಿಗೆ ಮಾತ್ರ. ನೀರುದೋಸೆಯ ಕೆಳಗೆ ಎಲೆ ಹಾಸಿದರೆ ಅದರ ಹಸಿರು ಬಿಳಿ ಅಂಚಿಗೆ ಬಡಿದು ದೋಸೆ ಹಳಸಿದಂತೆ ಕಾಣುತ್ತದೆ. ಬಿಳಿ ಪ್ಲೇಟಿನಲ್ಲಿಟ್ಟರೆ ದೋಸೆಯೇ ಕಾಣುವುದಿಲ್ಲ. ಹಾಗಾಗಿ ಅದಕ್ಕೆ ಕಪ್ಪು ಕಲ್ಲು, ಪಕ್ಕದಲ್ಲಿ ಬಿಳಿ ಚಟ್ನಿಯ ಬದಲು ಕಾಯಿಬೆಲ್ಲ. ಬೆಳಕು ಪಕ್ಕದಿಂದ ಬಿದ್ದರೆ ದೋಸೆಯ ಸಣ್ಣ ತೂತುಗಳು ಎದ್ದು ಕಾಣುತ್ತವೆ. ಎದುರಿನಿಂದ ಬಿದ್ದರೆ ಬರೀ ಬಿಳಿ ಬಟ್ಟೆ ಮಡಚಿಟ್ಟ ಹಾಗೆ.

ಶಾಟ್ ಲಿಸ್ಟನ್ನು ಮೆನುವಿನ ಕ್ರಮದಲ್ಲಿ ಬರೆಯುವುದಿಲ್ಲ. ಅಡುಗೆಮನೆಗೆ ಅನುಕೂಲವಾಗುವಂತೆ ಬರೆಯುತ್ತೇನೆ. ತುಂಬ ಹೊತ್ತು ತಡೆಯುವ ಬನ್ಸ್ ಮೊದಲು, ಬೆಳಕು ಹೊಂದಿಸಿಕೊಳ್ಳುವುದಕ್ಕೂ ಅದೇ ಆಗುತ್ತದೆ. ಆಮೇಲೆ ಗೋಳಿಬಜೆ, ನೀರುದೋಸೆ. ಕೊನೆಗೆ ಫಿಲ್ಟರ್ ಕಾಫಿ ಮತ್ತು ಗಡ್‌ಬಡ್ ಐಸ್‌ಕ್ರೀಮ್. ಪ್ರತಿ ಸಾಲಿನಲ್ಲೂ ತಿಂಡಿ, ಕೋನ, ಎಷ್ಟು ಪ್ಲೇಟ್ ಬೇಕು ಎಂಬುದು ಇರುತ್ತದೆ. ಪ್ಲೇಟ್ ಯಾವಾಗಲೂ ಎರಡು: ಒಂದು ಫ್ರೇಮ್ ಹೊಂದಿಸುವುದಕ್ಕೆ, ಇನ್ನೊಂದು ಬಿಸಿಬಿಸಿಯಾಗಿ ಕ್ಲಿಕ್ಕಿಗೆ. ನೀರುದೋಸೆಯ ಅಂಚು ಗಾಳಿಗೆ ಬೇಗ ಒಣಗುವುದರಿಂದ ಅದನ್ನು ತರುವಾಗ ಒದ್ದೆ ಬಟ್ಟೆ ಮುಚ್ಚಿಯೇ ತರಬೇಕು, ಫ್ಯಾನ್ ಹಾಕಬಾರದು.

ಗಡ್‌ಬಡ್‌ಗೆ ಹೆಚ್ಚು ಜಾಗ ಕೊಟ್ಟಿದ್ದೆ. ಕ್ಯಾಮೆರಾ ಗ್ಲಾಸಿನ ಮಟ್ಟಕ್ಕೇ ಇಳಿಯಬೇಕು, ಮೇಲಿನಿಂದ ತೆಗೆದರೆ ಪದರಗಳೇ ಕಾಣುವುದಿಲ್ಲ. ಬೆಳಕು ಹಿಂದಿನಿಂದ ಓರೆಯಾಗಿ ಬಂದರೆ ಜೆಲ್ಲಿ ಹೊಳೆಯುತ್ತದೆ. ಗ್ಲಾಸನ್ನು ಫ್ರೀಜರಿನಲ್ಲಿಟ್ಟರೆ ಐಸ್‌ಕ್ರೀಮ್ ತಡವಾಗಿ ಕರಗುತ್ತದೆ ನಿಜ, ಆದರೆ ಕರಾವಳಿಯ ತೇವಕ್ಕೆ ಹೊರಗೆ ತೆಗೆದ ಕೂಡಲೇ ಗ್ಲಾಸು ಮಂಜುಕಟ್ಟಿ ಒಳಗಿನದೆಲ್ಲ ಮರೆಯಾಗುತ್ತದೆ. ಆದ್ದರಿಂದ ಖಾಲಿ ಗ್ಲಾಸಿಟ್ಟು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿಕೊಂಡು, ತುಂಬಿದ ಗ್ಲಾಸ್ ಬಂದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ ಕ್ಲಿಕ್ಕಿಸಬೇಕು.

ಕಡೆಯ ಸಾಲು ಕ್ರಾಪಿನದು: ಪ್ರತಿ ತಿಂಡಿಗೂ ಅಡ್ಡ ಒಂದು, ಚೌಕ ಒಂದು, ಅಡ್ಡ ಫ್ರೇಮಿನ ಬಲಭಾಗದ ಮೂರನೇ ಒಂದು ಪಾಲು ಹೆಸರು, ಬೆಲೆಗೆ ಖಾಲಿ.