ಒಂದೇ ಕಾಲಂ ಬಿಟ್ಟು ಮೂರು ಮಾಡಿದೆ: ಸ್ಪಿನ್-ಆಫ್, ಪ್ರೀಕ್ವೆಲ್, ಸೀಕ್ವೆಲ್, ರೀಬೂಟ್ ಬಿಡಿಸಿದ ನನ್ನ ಅನುಭವ

ಮೂರು ಕಾಲಂ ಮಾಡಿದರೆ ಕೆಲಸವೂ ಮೂರು ಪಟ್ಟಾಗುತ್ತದೆ ಎಂದು ನಮ್ಮ ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದರು. "ಒಂದು ಸೀರೀಸಿಗೆ ಒಂದು ಟ್ಯಾಗ್ ಹಾಕಿ ಮುಂದೆ ಹೋಗಪ್ಪ, ಇದೇನು ಪಿಎಚ್‌ಡಿನಾ?" ಎಂದು ನಮ್ಮ ಹಿರಿಯ ಮೇಡಂ ಕೇಳಿದ್ದು ಇನ್ನೂ ನೆನಪಿದೆ. ಈಗ ಅದೇ ಮೇಡಂ ಹೊಸಬರಿಗೆ ನನ್ನ ಶೀಟನ್ನೇ ಕೊಡುತ್ತಾರೆ. ಟಿವಿ ಸೀರೀಸ್‌ಗಳ ಕ್ಯಾಟಲಾಗ್ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ನಮಗೆ ಬರುತ್ತಿದ್ದ ಫಾರ್ಮಿನಲ್ಲಿ "ಸಂಬಂಧ" ಅಂತ ಒಂದೇ ಖಾನೆ ಇತ್ತು. ಸ್ಪಿನ್-ಆಫ್, ಪ್ರೀಕ್ವೆಲ್, ಸೀಕ್ವೆಲ್, ರೀಬೂಟ್, ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಒಂದು ಶೀರ್ಷಿಕೆಗೆ ಸುಮಾರು 40–50 ರೂಪಾಯಿ ಸಿಗುತ್ತಿತ್ತು. ಗುಣಮಟ್ಟ ಪರಿಶೀಲಿಸುವ ಕ್ಯೂಸಿಯಿಂದ ವಾಪಸ್ ಬಂದರೆ ಎರಡನೇ ಸಲ ಮಾಡುವುದಕ್ಕೆ ಕಾಸಿಲ್ಲ, ಸಮಯ ಮಾತ್ರ ಹೋಗುತ್ತಿತ್ತು. ಐದರಲ್ಲಿ ಒಂದಾದರೂ ವಾಪಸ್ ಬರುತ್ತಿತ್ತು. ಒಬ್ಬರು ಪ್ರೀಕ್ವೆಲ್ ಎಂದಿದ್ದನ್ನು ಇನ್ನೊಬ್ಬರು ಸ್ಪಿನ್-ಆಫ್ ಎಂದು ತಿದ್ದಿ, ಮೂರನೆಯವರು ಮತ್ತೆ ಪ್ರೀಕ್ವೆಲ್ ಮಾಡುತ್ತಿದ್ದರು. ಇಬ್ಬರದ್ದೂ ಸರಿ ಇರುತ್ತಿತ್ತು ಎಂಬುದೇ ಸಮಸ್ಯೆಯ ಬೇರು.

ನನ್ನ ಶೀಟಿಗೆ ಮೊದಲು ತಂಡದಲ್ಲಿ ಕೆಲವು ಅಡ್ಡದಾರಿಗಳು ಬಳಕೆಯಲ್ಲಿದ್ದವು. ಹೆಸರು ಒಂದೇ ಆಗಿದ್ದರೆ ರೀಬೂಟ್, ಹಳೆಯ ನಟರಿದ್ದರೆ ಸೀಕ್ವೆಲ್, ಹೆಸರು ಬೇರೆಯಾಗಿದ್ದರೆ ಸ್ಪಿನ್-ಆಫ್ ಎಂದು ಲೆಕ್ಕ. ನೋಡಲು ಸಲೀಸು. ಆದರೆ ಒಂದೇ ಕುಟುಂಬದ ಸೀರೀಸ್‌ಗಳನ್ನು ಸಾಲಾಗಿ ಇಟ್ಟ ಕೂಡಲೇ ಮೂರೂ ಒಟ್ಟಿಗೆ ಬಿದ್ದುಹೋದವು. ಆ ಕುಟುಂಬ ಬಾಹ್ಯಾಕಾಶದ ಕಥೆಯಾದ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'. ಈಗಲೂ ಹೊಸಬರಿಗೆ ಅದನ್ನೇ ಮೊದಲು ಕೊಡುತ್ತೇನೆ.

ನನ್ನ ಕಾಲಂಗಳು ಮೂರು ಪ್ರಶ್ನೆಗಳು. ಹಳೆಯ ಸೀರೀಸಿನಲ್ಲಿ ನಡೆದದ್ದು ಹೊಸದರಲ್ಲಿ ನಡೆದಿದೆಯೇ? ನಡೆದಿದ್ದರೆ, ಹೊಸ ಕಥೆ ಅದಕ್ಕಿಂತ ಹಿಂದಿನದೋ ಮುಂದಿನದೋ? ಕಥೆಯ ನಡುವೆ ನಿಂತಿರುವವರು ಹಳೆಯದರ ಮುಖ್ಯ ವ್ಯಕ್ತಿಗಳೋ, ಬದಿಯಲ್ಲಿದ್ದವರೋ? ಮೊದಲನೆಯದಕ್ಕೆ ಉತ್ತರ "ಇಲ್ಲ" ಎಂದಾಗಿ, ಹಳೆಯ ಕಥೆಯನ್ನೇ ಹೊಸದಾಗಿ ಹೇಳಿದ್ದರೆ ಅದು ರೀಬೂಟ್, ಅಲ್ಲಿಗೆ ಮುಗಿಯಿತು. "ಹೌದು" ಎಂದಾದರೆ ಮಾತ್ರ ಮುಂದಿನ ಎರಡು. ಎರಡನೆಯದರಲ್ಲಿ ಹಿಂದಿನದಾದರೆ ಪ್ರೀಕ್ವೆಲ್, ಮುಂದಿನದಾದರೆ ಸೀಕ್ವೆಲ್; ಮೂರನೆಯದರಲ್ಲಿ ಬದಿಯಲ್ಲಿದ್ದವರಾದರೆ ಸ್ಪಿನ್-ಆಫ್. ಕಾಲದ ವಿಷಯವೇ ಬೇರೆ, ಯಾರ ಕಥೆ ಎಂಬ ವಿಷಯವೇ ಬೇರೆ. ಒಂದೇ ಖಾನೆಯಲ್ಲಿ ಎರಡನ್ನೂ ತುರುಕಿದ್ದರಿಂದಲೇ ಅಷ್ಟೂ ಜಗಳ.

ಈಗ ಗ್ಯಾಲಕ್ಟಿಕಾ. ಮೂಲ ಸೀರೀಸ್ 1978ರದ್ದು, ಗ್ಲೆನ್ ಲಾರ್ಸನ್ ಅವರದ್ದು, ಒಂದೇ ಸೀಸನ್. 1980ರಲ್ಲಿ 'ಗ್ಯಾಲಕ್ಟಿಕಾ 1980' ಎಂಬ ಹತ್ತು ಕಂತುಗಳದ್ದು ಬಂತು. ಮೂಲದಲ್ಲಿ ಭೂಮಿಯನ್ನು ಹುಡುಕುತ್ತಾ ಬಾಹ್ಯಾಕಾಶದಲ್ಲಿ ಅಲೆಯುತ್ತಿದ್ದ ಹಡಗುಗಳೇ ಕೊನೆಗೆ ಭೂಮಿಗೆ ಬಂದು ತಲುಪಿವೆ, ಕಮಾಂಡರ್ ಅಡಾಮ ಪಾತ್ರದಲ್ಲಿ ಅದೇ ಲಾರ್ನ್ ಗ್ರೀನ್. ಹಳೆಯದು ನಡೆದಿದೆ, ಕಾಲ ಮುಂದಿನದು. ಹಾಗಾಗಿ ಸೀಕ್ವೆಲ್. ಹೆಸರು ನೋಡಿ ರೀಬೂಟ್ ಎನ್ನುವವರು ಮೊದಲು ಎಡವುವುದೇ ಇಲ್ಲಿ.

2003ರ ಡಿಸೆಂಬರಿನಲ್ಲಿ ರೊನಾಲ್ಡ್ ಮೂರ್ ಅವರ ಮಿನಿಸೀರೀಸ್ ಬಂತು, ಅದರ ಬೆನ್ನಿಗೆ 2004ರಿಂದ 2009ರವರೆಗೆ ಸೀರೀಸ್ ನಡೆಯಿತು. ನಿಜವಾದ ಪರೀಕ್ಷೆ ಇದೇ. ಹಡಗಿನ ಮ್ಯೂಸಿಯಂನಲ್ಲಿ ಮನುಷ್ಯರ ಶತ್ರುವಾದ ಸೈಲಾನ್ ಯಂತ್ರ 1978ರ ಆಕಾರದಲ್ಲೇ ನಿಂತಿದೆ. ಸಮಾರಂಭದಲ್ಲಿ ಹಳೆಯ ಶೀರ್ಷಿಕೆ ಸಂಗೀತವೇ ರಾಷ್ಟ್ರಗೀತೆಯಂತೆ ಮೊಳಗುತ್ತದೆ. ಹಳೆಯದರಲ್ಲಿ ಅಪೊಲೊ ಆಗಿದ್ದ ರಿಚರ್ಡ್ ಹ್ಯಾಚ್ ಇದರಲ್ಲೂ ಇದ್ದಾರೆ. ಇಷ್ಟೆಲ್ಲ ನೋಡಿದವರು ಕಣ್ಣುಮುಚ್ಚಿ ಸೀಕ್ವೆಲ್ ಎಂದು ಬರೆಯುತ್ತಾರೆ, ಬರೆದಿದ್ದಾರೆ ಕೂಡ. ಆದರೆ ಹ್ಯಾಚ್ ಇಲ್ಲಿ ಅಪೊಲೊ ಅಲ್ಲ, ಟಾಮ್ ಜ಼ಾರೆಕ್ ಎಂಬ ಬೇರೆಯೇ ವ್ಯಕ್ತಿ. ಹಳೆಯದರಲ್ಲಿ ಗಂಡಸಾಗಿದ್ದ ಸ್ಟಾರ್‌ಬಕ್ ಇಲ್ಲಿ ಕಾರಾ ಥ್ರೇಸ್ ಎಂಬ ಹೆಣ್ಣುಮಗಳು, ಸ್ಟಾರ್‌ಬಕ್ ಎನ್ನುವುದು ಅವಳ ವಿಮಾನ ಚಾಲಕರ ಸಂಕೇತನಾಮ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸೈಲಾನ್‌ಗಳ ಹುಟ್ಟು. 1978ರಲ್ಲಿ ಅವುಗಳನ್ನು ಮಾಡಿದ್ದು ಸರೀಸೃಪ ಜಾತಿಯ ಅನ್ಯಲೋಕದ ಜೀವಿಗಳು. 2003ರದ್ದು ಸೈಲಾನ್‌ಗಳನ್ನು ಮನುಷ್ಯರೇ ಮಾಡಿದರು ಎಂದು ಮೊದಲೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಎರಡೂ ಒಂದೇ ಲೋಕದಲ್ಲಿ ನಡೆಯಲು ಸಾಧ್ಯವಿಲ್ಲ. ಮ್ಯೂಸಿಯಮ್ಮೂ ಸಂಗೀತವೂ ಹ್ಯಾಚ್ ಅವರೂ ಹಳೆಯದಕ್ಕೆ ಸಲ್ಲಿಸಿದ ಗೌರವ ಅಷ್ಟೇ. ರೀಬೂಟ್.

ಆಮೇಲೆ 2010ರಲ್ಲಿ 'ಕ್ಯಾಪ್ರಿಕಾ'. 2003ರದ್ದರಲ್ಲಿ ಸೈಲಾನ್‌ಗಳು ಮನುಷ್ಯರ ಮೇಲೆ ತರುವ ಸರ್ವನಾಶಕ್ಕೆ 58 ವರ್ಷ ಹಿಂದೆ ಮೊದಲ ಸೈಲಾನ್ ಹೇಗೆ ತಯಾರಾಯಿತು ಎಂಬ ಕಥೆ. ನಡುವೆ ಇರುವುದು ಗ್ರೇಸ್ಟೋನ್ ಕುಟುಂಬ, ಜೊತೆಗೆ ವಿಲಿಯಂ ಅಡಾಮನ ತಂದೆ ಜೋಸೆಫ್. ಪ್ರೀಕ್ವೆಲ್ ಹೌದು, ಮುಖ್ಯರು ಬೇರೆಯವರಾದ್ದರಿಂದ ಸ್ಪಿನ್-ಆಫ್ ಕೂಡ ಹೌದು. ಆದರೆ ಯಾವುದಕ್ಕೆ? 2003ರದ್ದಕ್ಕೆ ಮಾತ್ರ, 1978ರದ್ದಕ್ಕೆ ಅಲ್ಲ. ಅದಕ್ಕೇ ನನ್ನ ಶೀಟಿನಲ್ಲಿ "ಯಾವುದರ" ಎಂಬ ಖಾನೆಗೆ ಹೆಸರಿನ ಜೊತೆ ವರ್ಷ ಕಡ್ಡಾಯ. ಬರೀ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಎಂದು ಬರೆದರೆ ನಾನೇ ವಾಪಸ್ ಕಳಿಸುತ್ತೇನೆ.

ಮೊದಲ ಪ್ರಶ್ನೆಯನ್ನು ಕೆಲವರು ಅತಿಯಾಗಿ ಬಿಗಿ ಮಾಡುತ್ತಾರೆ: ಎಲ್ಲಿಯಾದರೂ ಒಂದು ವಿರೋಧ ಕಂಡರೆ ರೀಬೂಟ್ ಎಂದುಬಿಡುತ್ತಾರೆ. ಅದೂ ನಡೆಯುವುದಿಲ್ಲ. ಬಾಸ್ಟನ್ನಿನ ಬಾರೊಂದರ ಕಥೆಯಾದ 'ಚಿಯರ್ಸ್'ನಲ್ಲಿ ಫ್ರೇಜ಼ರ್ ಎಂಬವನು ತನ್ನ ತಂದೆ ತೀರಿಹೋಗಿದ್ದಾರೆ ಎಂದು ಹೇಳಿದ್ದ. 1993ರಲ್ಲಿ ಅವನದ್ದೇ ಹೆಸರಿನಲ್ಲಿ ಶುರುವಾದ 'ಫ್ರೇಜ಼ರ್'ನಲ್ಲಿ ತಂದೆ ಮಾರ್ಟಿನ್ ಅವನ ಮನೆಯಲ್ಲೇ ಗಟ್ಟಿಮುಟ್ಟಾಗಿ ಕೂತಿದ್ದಾರೆ. ವಿರೋಧ ಎದ್ದು ಕಾಣುತ್ತದೆ. ಆದರೆ ಎರಡನೇ ಸೀಸನ್ನಿನಲ್ಲಿ ಚಿಯರ್ಸ್‌ನ ಸ್ಯಾಮ್ ಬಂದು ಅದನ್ನೇ ಕೇಳುತ್ತಾನೆ, ಆಗ ಅಪ್ಪನ ಮೇಲೆ ಸಿಟ್ಟಿನಲ್ಲಿ ಹಾಗೆ ಹೇಳಿದ್ದೆ ಎಂಬ ಸಮಜಾಯಿಷಿ ಬರುತ್ತದೆ. ಅಂದರೆ ಹಳೆಯ ಮಾತು ಈ ಲೋಕದಲ್ಲೂ ಆಡಿದ ಮಾತೇ. ಕಥೆ ಆ ವಿರೋಧವನ್ನು ತನ್ನೊಳಗೇ ತೆಗೆದುಕೊಂಡು ಉತ್ತರ ಕೊಟ್ಟಿತು. ಸೈಲಾನ್‌ಗಳ ವಿಷಯದಲ್ಲಿ ಅಂಥ ಉತ್ತರ ಎಲ್ಲೂ ಇಲ್ಲ. ವಿರೋಧ ಕಂಡಾಗ ನಾನು ಹುಡುಕುವುದು ಈ ಉತ್ತರವನ್ನೇ. ಬಾಸ್ಟನ್ನಿನ ಬಾರಿನಲ್ಲಿ ಬದಿಯ ಪಾತ್ರವಾಗಿದ್ದವನು ಸಿಯಾಟಲ್‌ಗೆ ಹೋಗಿ ನಾಯಕನಾದ್ದರಿಂದ 1993ರದ್ದು ಸ್ಪಿನ್-ಆಫ್. 2023ರಲ್ಲಿ ಫ್ರೇಜ಼ರ್ ಪಾತ್ರದ ಅದೇ ನಟ ಕೆಲ್ಸಿ ಗ್ರ್ಯಾಮರ್ ಬಾಸ್ಟನ್ನಿಗೆ ಮರಳಿದ್ದು ಅದರ ಸೀಕ್ವೆಲ್. ಎರಡರ ಹೆಸರೂ ಒಂದೇ.

'ಬೆಟರ್ ಕಾಲ್ ಸಾಲ್' ಬಗ್ಗೆ ನಮ್ಮಲ್ಲಿ ಆದಷ್ಟು ವಾದ ಇನ್ಯಾವುದಕ್ಕೂ ಆಗಿಲ್ಲ. 'ಬ್ರೇಕಿಂಗ್ ಬ್ಯಾಡ್'ನಲ್ಲಿ ಎರಡನೇ ಸೀಸನ್ನಿಗೆ ಬಂದ ವಕೀಲನೇ ಇಲ್ಲಿ ನಾಯಕ, ಆದ್ದರಿಂದ ಸ್ಪಿನ್-ಆಫ್. ಕಥೆ ಸುಮಾರು ಆರು ವರ್ಷ ಹಿಂದಿನದು, ಆದ್ದರಿಂದ ಪ್ರೀಕ್ವೆಲ್. ಒಂದೇ ಖಾನೆ ಇದ್ದಾಗ ಇದು ನಮ್ಮ ಮತ್ತು ಕ್ಯೂಸಿಯ ನಡುವೆ ಚೆಂಡಿನಂತೆ ಓಡಾಡುತ್ತಿತ್ತು, ಓಡಾಡಿದಷ್ಟೂ ಸಲ ನಮ್ಮ ದುಡ್ಡು ತಡವಾಗುತ್ತಿತ್ತು. ಇನ್ನೊಂದು ತೊಡಕಿದೆ. ಅದರ ಮೊಟ್ಟಮೊದಲ ದೃಶ್ಯವೇ ಕಪ್ಪು-ಬಿಳುಪಿನಲ್ಲಿ, ಒಮಾಹಾದ ಒಂದು ಮಾಲ್‌ನಲ್ಲಿ, ಬ್ರೇಕಿಂಗ್ ಬ್ಯಾಡ್ ಮುಗಿದ ಮೇಲೆ ಹೆಸರು ಬದಲಿಸಿಕೊಂಡು ಅಡಗಿರುವ ಸಾಲ್‌ನದ್ದು. ಕೊನೆಯ ನಾಲ್ಕು ಕಂತುಗಳೂ ಹೆಚ್ಚಾಗಿ ಆ ಕಾಲದಲ್ಲೇ ನಡೆಯುತ್ತವೆ. ಒಟ್ಟು 63 ಕಂತುಗಳಲ್ಲಿ ಬಹುಪಾಲು ಎಲ್ಲಿದೆ ಎಂಬುದನ್ನು ಕಾಲಂಗೆ ಹಾಕುತ್ತೇನೆ, ಉಳಿದದ್ದು ಷರಾದಲ್ಲಿ.

ಈ ದೃಶ್ಯದಿಂದಲೇ ಒಂದು ಪಕ್ಕದ ಪ್ರಯೋಗ ಹುಟ್ಟಿತು. ಮೊದಲ ಹತ್ತು ನಿಮಿಷ ನೋಡಿ ಟ್ಯಾಗ್ ಹಾಕಲು ಆಗುತ್ತದಾ ಎಂದು ಕೆಲವು ವಾರ ಪ್ರಯತ್ನಿಸಿದೆ. ಹಾಗೆ ಆಗುವಂತಿದ್ದರೆ ಗಂಟೆಗೆ ಮೂರು-ನಾಲ್ಕು ಶೀರ್ಷಿಕೆ ಮುಗಿದು ಒಳ್ಳೆಯ ದುಡ್ಡಾಗುತ್ತಿತ್ತು. ರೀಬೂಟ್‌ಗಳು ಚೆನ್ನಾಗಿ ಸಿಕ್ಕಿದವು, ಏಕೆಂದರೆ ಅವು ತಮ್ಮ ಲೋಕವನ್ನು ಮೊದಲಿನಿಂದ ಪರಿಚಯಿಸಲೇಬೇಕು. ಪ್ರೀಕ್ವೆಲ್‌ಗಳು ಮಾತ್ರ ಕೈಕೊಟ್ಟವು. ಮುಂದಿನ ಕಾಲದ ತುಣುಕಿನಿಂದ ಶುರುಮಾಡುವ ಚಾಳಿ ಅವಕ್ಕೆ ಬಹಳ. ಈಗ ಮೊದಲ ಕಂತು ಪೂರ್ತಿ, ಕೊನೆಯ ಕಂತಿನ ಕೊನೆಯ ಭಾಗ, ನಡುವೆ ಹಳೆಯ ಪಾತ್ರ ಬರುವ ಒಂದು ಕಂತು, ಇಷ್ಟು ನೋಡುತ್ತೇನೆ. ಆ ನಡುವಿನ ಕಂತನ್ನು ಬೇಗ ಹುಡುಕುವ ಉಪಾಯ ಒಂದಿದೆ, ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿರುವುದರಿಂದ ಅದನ್ನು ಬರೆಯುವುದಿಲ್ಲ.

ಕನ್ನಡದ್ದೂ ಬಂತು. 'ಮತ್ತೆ ಮಾಯಾಮೃಗ' ಸುಲಭ: ತೊಂಬತ್ತರ ದಶಕದ 'ಮಾಯಾಮೃಗ'ದ ಕುಟುಂಬಗಳೇ ವರ್ಷಗಳು ಕಳೆದ ಮೇಲೆ ಹೇಗಿವೆ ಎಂಬುದು. ಸೀಕ್ವೆಲ್. 'ಲಕ್ಷ್ಮೀ ಬಾರಮ್ಮ'ದಲ್ಲಿ ಮಾತ್ರ ಎಲ್ಲರೂ ಜಾರಿದರು. 2013ರಲ್ಲಿ ಶುರುವಾದದ್ದು ಲಚ್ಚಿ, ಗೊಂಬೆ, ಚಂದು ಕಥೆ. 2023ರ ಲಕ್ಷ್ಮೀ ಬಾರಮ್ಮದಲ್ಲಿ ಅವರ್ಯಾರೂ ಇಲ್ಲ. ಹಾಗಾದರೆ ರೀಬೂಟ್ ಎಂದರು ತಂಡದವರು. ರೀಬೂಟ್ ಆಗಬೇಕಾದರೆ ಹಳೆಯ ಕಥೆಯನ್ನೇ, ಹಳೆಯ ಪಾತ್ರಗಳನ್ನೇ ಹೊಸದಾಗಿ ಹೇಳಬೇಕು. ಇಲ್ಲಿ ಅದೂ ಇಲ್ಲ. ಈ ಲಕ್ಷ್ಮಿ ಬಂದಿರುವುದು 2022ರ 'ಭಾಗ್ಯಲಕ್ಷ್ಮಿ'ಯಿಂದ. ಅಲ್ಲಿ ಭಾಗ್ಯ ಅಕ್ಕ, ಲಕ್ಷ್ಮಿ ತಂಗಿ. ತಂಗಿಯ ಕಥೆಯನ್ನು ಪ್ರತ್ಯೇಕ ಧಾರಾವಾಹಿ ಮಾಡಿದರು. ಹಾಗಾಗಿ ಅದು ಭಾಗ್ಯಲಕ್ಷ್ಮಿಯ ಸ್ಪಿನ್-ಆಫ್, ಕಾಲದ ಖಾನೆಯಲ್ಲಿ "ಸಮಕಾಲ", 2013ರದ್ದರ ಜೊತೆ ಸಂಬಂಧ ಹೆಸರು ಮಾತ್ರ. ಹಿಂದೂ ಅಲ್ಲ ಮುಂದೂ ಅಲ್ಲದ "ಸಮಕಾಲ" ಎಂಬ ಆಯ್ಕೆಯನ್ನು ಶೀಟಿಗೆ ಸೇರಿಸಿದ್ದೇ ಈ ಧಾರಾವಾಹಿಯಿಂದ.

ಈ ಶೀಟ್ ಶುರುಮಾಡಿದ ಮೇಲೆ ಒಂದು ಶೀರ್ಷಿಕೆಗೆ ಐದಾರು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಆದರೆ ವಾಪಸ್ ಬರುವುದು ನೂರಕ್ಕೆ ಎರಡು-ಮೂರಕ್ಕೆ ಇಳಿಯಿತು. ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು ಕಾಲುಭಾಗದಷ್ಟಾದರೂ ಏರಿತು. ದರ ಪರಿಷ್ಕರಣೆಯಾದಾಗ ನನಗೆ ಮೊದಲು 60 ರೂಪಾಯಿ ಆಯಿತು.

ಇನ್ನೂ ಪೂರ್ತಿ ಬಗ್ಗದ ಒಂದು ಸೀರೀಸ್ ಇದೆ, 'ಹವಾಯಿ ಫೈವ್-ಓ'. 1968ರಿಂದ 1980ರವರೆಗೆ ನಡೆದದ್ದರ ಮುಖ್ಯ ಪಾತ್ರಗಳಾದ ಮೆಗ್ಯಾರೆಟ್, ಡ್ಯಾನೊ ಇಬ್ಬರ ಕಥೆಯನ್ನೂ 2010ರಲ್ಲಿ ಹೊಸ ನಟರೊಂದಿಗೆ ಮೊದಲಿನಿಂದ ಹೇಳಿದರು. ಶುದ್ಧ ರೀಬೂಟ್. ಆದರೆ ಎಡ್ ಆಸ್ನರ್ 1975ರ ಕಂತೊಂದರಲ್ಲಿ ಮಾಡಿದ್ದ ಆಗಸ್ಟ್ ಮಾರ್ಚ್ ಎಂಬ ಪಾತ್ರವನ್ನೇ 2012ರಲ್ಲಿ ಮತ್ತೆ ಮಾಡಿದರು, ಹಳೆಯ ದೃಶ್ಯದ ತುಣುಕುಗಳನ್ನು ಅವನ ಹಿಂದಿನ ದಿನಗಳಾಗಿ ತೋರಿಸಿದರು. ರಿಚರ್ಡ್ ಹ್ಯಾಚ್‌ಗೆ ಆದಂತೆ ಇಲ್ಲಿ ಪಾತ್ರ ಬದಲಾಗಿಲ್ಲ. ಮೊದಲ ಪ್ರಶ್ನೆಗೆ "ಇಲ್ಲ" ಎಂದೇ ಹಾಕಿದ್ದೇನೆ, ಏಕೆಂದರೆ ಒಬ್ಬ ಮೆಗ್ಯಾರೆಟ್‌ನ ಬದುಕು ಇನ್ನೊಬ್ಬ ಮೆಗ್ಯಾರೆಟ್‌ನ ಬದುಕಿನೊಳಗೆ ಹಿಡಿಸುವುದಿಲ್ಲ. ಷರಾದಲ್ಲಿ ಆಗಸ್ಟ್ ಮಾರ್ಚ್ ಹೆಸರು, 1975 ಮತ್ತು 2012 ಎಂಬ ಎರಡು ವರ್ಷಗಳನ್ನು ಬರೆದಿದ್ದೇನೆ. ಕ್ಯೂಸಿಯವರು ಅದನ್ನು ಹಾಗೆಯೇ ಪಾಸ್ ಮಾಡಿದರು.