‘ಹೋಗಿದ್ದೆ’ ಎಂದರೆ ‘ಹ್ಯಾಡ್ ಗಾನ್’ ಅಲ್ಲ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಸರಕು ರವಾನೆಯ ಕೆಲಸ ನೋಡಿಕೊಳ್ಳುತ್ತೇನೆ. ಹೊರರಾಜ್ಯದ ಗ್ರಾಹಕರೊಂದಿಗೆ ದಿನವೂ ಫೋನಿನಲ್ಲಿ ಇಂಗ್ಲಿಷ್ ಮಾತನಾಡಬೇಕು. ಇಮೇಲ್ ಬರೆಯುವಾಗ ನನ್ನ ವ್ಯಾಕರಣ ಸರಿಯಾಗಿರುತ್ತಿತ್ತು, ಬಾಯಿ ತೆರೆದರೆ ಅದೇ ನಿಯಮ ಕೈಕೊಡುತ್ತಿತ್ತು. ಗೊತ್ತಿದ್ದೂ ತಪ್ಪುವುದು ನನ್ನನ್ನು ಬಹಳ ಕಾಡಿತು. ತರಗತಿಗೆ ಸೇರಲು ಸಮಯವಿರಲಿಲ್ಲವಾದ್ದರಿಂದ ಮೂರು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿದೆ.

ಮೊದಲ ತಿಂಗಳು ಯಾವ ಪಾಠವನ್ನೂ ಓದಲಿಲ್ಲ. ವಾರಕ್ಕೆ ಎರಡು ಸಲ, ಅಂದು ಕಚೇರಿಯಲ್ಲಿ ನಡೆದದ್ದನ್ನು ಮೂರು ನಿಮಿಷ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿದೆ. ಆಮೇಲೆ ಅದನ್ನು ಕೇಳುತ್ತಾ, ತಡವರಿಕೆಯೂ ಸೇರಿದಂತೆ ಆಡಿದ್ದನ್ನು ಆಡಿದ ಹಾಗೆಯೇ ಬರೆದುಕೊಂಡೆ. ಮೂರು ನಿಮಿಷದ ಮಾತು ಬರೆಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ಬರೆಯುವಾಗ ಕೈ ತಾನಾಗಿ ತಪ್ಪನ್ನು ತಿದ್ದಿಬಿಡುತ್ತದೆ, ಅದಕ್ಕೆ ಅವಕಾಶ ಕೊಡಬಾರದು. ನನಗೆ ತಪ್ಪೆಂದೇ ಗೊತ್ತಿಲ್ಲದ ತಪ್ಪುಗಳನ್ನು ನಾನೇ ಹುಡುಕುವುದು ಸಾಧ್ಯವಿರಲಿಲ್ಲ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನ ಅಕ್ಕ ಭಾನುವಾರ ಆ ಹಾಳೆಗಳನ್ನು ನೋಡಿ, ತಪ್ಪಿದ ಕಡೆ ಗೆರೆ ಮಾತ್ರ ಎಳೆಯುತ್ತಿದ್ದಳು. ಕಾರಣ ಹುಡುಕುವುದು ನನ್ನ ಕೆಲಸ.

ನಾಲ್ಕು ವಾರದ ಗೆರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಜಾಗದಲ್ಲಿದ್ದವು: ಕಾಲಸೂಚಕ ಪದ ಮತ್ತು ಕ್ರಿಯಾಪದ ಹೊಂದಬೇಕಾದ ಕಡೆ. ‘ನಿನ್ನೆಯೇ ಕಳುಹಿಸಿದ್ದೇನೆ’ ಎನ್ನುವುದು ಒಳ್ಳೆಯ ಕನ್ನಡ. ಅದನ್ನೇ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂದರೆ ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ‘ಹ್ಯಾವ್’ ಬಂದಲ್ಲಿ ಮುಗಿದುಹೋದ ಹೊತ್ತಿನ ಹೆಸರು ಬರುವಂತಿಲ್ಲ, ‘ಐ ಸೆಂಟ್ ಇಟ್ ಯೆಸ್ಟರ್‌ಡೇ’ ಎನ್ನಬೇಕು. ‘ಹೋದ ವಾರ ಮೈಸೂರಿಗೆ ಹೋಗಿದ್ದೆ’ ಎಂಬುದು ನನ್ನ ಬಾಯಲ್ಲಿ ‘ಐ ಹ್ಯಾಡ್ ಗಾನ್’ ಆಗುತ್ತಿತ್ತು, ಅಲ್ಲಿ ಬೇಕಿದ್ದದ್ದು ಬರೀ ‘ವೆಂಟ್’. ‘ಹ್ಯಾಡ್ ಗಾನ್’ ಬೇಕಾಗುವುದು ಹಿಂದೆ ನಡೆದ ಇನ್ನೊಂದು ಘಟನೆಗಿಂತಲೂ ಮೊದಲು ಹೋಗಿದ್ದಾಗ. ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರುತ್ತಿತ್ತು. ಸರಿಯಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್’. ಅವಧಿಯ ಲೆಕ್ಕಕ್ಕೆ ‘ಫಾರ್’, ಶುರುವಾದ ಗಳಿಗೆಗೆ ‘ಸಿನ್ಸ್’. ಮೂರೂ ಕಡೆ ನಾನು ಕನ್ನಡದ ಕ್ರಿಯಾರೂಪವನ್ನು ಇಂಗ್ಲಿಷಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಇದು ತಿಳಿದ ದಿನ ನನಗೆ ದೊಡ್ಡ ನೆಮ್ಮದಿಯಾಯಿತು. ತಪ್ಪುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ, ಅವಕ್ಕೆ ಒಂದೇ ಬೇರಿತ್ತು.

ಎರಡನೆಯ ತಿಂಗಳು ಈ ಮೂರನ್ನೇ ಹಿಡಿದೆ. ಬೆಳಗ್ಗೆ ಹದಿನೈದು ನಿಮಿಷ, ಹತ್ತು ವಾಕ್ಯ, ಎಲ್ಲವೂ ನನ್ನ ಬದುಕಿನ ನಿಜ ಸಂಗತಿ, ಎಲ್ಲವೂ ಗಟ್ಟಿಯಾಗಿ. ಮೊದಲ ವಾರ ಪುಸ್ತಕದ ವಾಕ್ಯಗಳನ್ನು ಹೇಳಿ ನೋಡಿದ್ದೆ, ಅವು ಫೋನಿನಲ್ಲಿ ನೆನಪಿಗೆ ಬರಲೇ ಇಲ್ಲ. ನನಗೆ ಹೆಚ್ಚು ನೆರವಾದದ್ದು ಜೋಡಿ ವಾಕ್ಯಗಳು: ‘ಐ ಹ್ಯಾವ್ ಸೆಂಟ್ ದಿ ಬಿಲ್. ಐ ಸೆಂಟ್ ಇಟ್ ಆನ್ ಮಂಡೇ.’ ಮೊದಲನೆಯದು ಸುದ್ದಿ, ಎರಡನೆಯದು ಯಾವಾಗ ಎಂಬುದು. ಫೋನಿನಲ್ಲಿ ಮಾತು ಸಾಗುವುದೂ ಹೆಚ್ಚಾಗಿ ಇದೇ ಕ್ರಮದಲ್ಲಿ. ಬನಶಂಕರಿಯಿಂದ ಮೆಟ್ರೊದಲ್ಲಿ ಬರುವಾಗ ಇವನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ, ಆದರೆ ಬಾಯಿಬಿಟ್ಟು ಹೇಳಿದ್ದರ ಫಲ ಅದಕ್ಕಿರಲಿಲ್ಲ.

ಈ ತಿಂಗಳ ಕೊನೆಗೆ ಒಂದು ತೊಡಕು ಬಂತು. ‘ಹ್ಯಾವ್’ ಬಗ್ಗೆ ಹೆದರಿ ಅದನ್ನು ಬೇಕಾದಲ್ಲೂ ಬಿಡತೊಡಗಿದೆ. “ಒಂದು ರೋಗ ಹೋಗಿ ಇನ್ನೊಂದು ಹಿಡಿಯಿತಲ್ಲೋ” ಎಂದಳು ಅಕ್ಕ. ‘ಯಾವಾಗ?’ ಎಂದು ಒಳಗೇ ಕೇಳಿಕೊಂಡು, ಉತ್ತರ ವಾಕ್ಯದಲ್ಲೇ ಇದ್ದರೆ ಮಾತ್ರ ‘ಹ್ಯಾವ್’ ಬಿಡುವ ಅಭ್ಯಾಸದಿಂದ ಅದು ಎರಡು ವಾರದಲ್ಲಿ ಹತೋಟಿಗೆ ಬಂತು.

ಮೂರನೆಯ ತಿಂಗಳು ವೇಗದ್ದು. ಒಂದೇ ಘಟನೆಯನ್ನು ಮೊದಲು ನಾಲ್ಕು ನಿಮಿಷದಲ್ಲಿ, ಮತ್ತೆ ಮೂರರಲ್ಲಿ, ಕೊನೆಗೆ ಎರಡರಲ್ಲಿ ಹೇಳಬೇಕು. ಒಮ್ಮೆ, ಲಾರಿ ಕೆಟ್ಟು ತುಮಕೂರಿನ ಬಳಿ ಸರಕು ನಿಂತ ಕಥೆಯನ್ನು ಹೇಳಿದೆ. ನಾಲ್ಕು ನಿಮಿಷದ ಸುತ್ತಿನಲ್ಲಿ ಒಂದೂ ತಪ್ಪಿಲ್ಲ. ಎರಡು ನಿಮಿಷದ ಸುತ್ತಿನಲ್ಲಿ ‘ದಿ ಡ್ರೈವರ್ ಹ್ಯಾಡ್ ಕಾಲ್ಡ್ ಮಿ ಅಟ್ ಸಿಕ್ಸ್’ ಎಂದುಬಿಟ್ಟೆ. ಆತುರದಲ್ಲಿ ಯಾವುದು ತಪ್ಪುತ್ತದೋ ಅದು ಇನ್ನೂ ಬಾಯಿಗೆ ಕೂತಿಲ್ಲ ಎಂದು ಹೀಗೆ ತಿಳಿಯುತ್ತದೆ. ಮಾರನೆಯ ಬೆಳಗಿನ ಹತ್ತು ವಾಕ್ಯಗಳು ಅದರದ್ದೇ.

ಕೊನೆಯ ಭಾನುವಾರ ಮೊದಲ ದಿನದ ವಿಷಯವನ್ನೇ ಮತ್ತೆ ಮೂರು ನಿಮಿಷ ಹೇಳಿದೆ. ಕಾಲದ ತಪ್ಪುಗಳು ಹನ್ನೊಂದರಿಂದ ಎರಡಕ್ಕೆ ಇಳಿದಿದ್ದವು, ಆ ಎರಡನ್ನೂ ಮಾತಿನ ನಡುವೆಯೇ ನಾನು ತಿದ್ದಿಕೊಂಡಿದ್ದೆ. ‘ಎ’ ಮತ್ತು ‘ದಿ’ ಬಳಕೆ ಮಾತ್ರ ಇದ್ದಲ್ಲೇ ಇತ್ತು. ಕನ್ನಡದಲ್ಲಿ ಅಂಥ ಪದವೇ ಇಲ್ಲದ್ದರಿಂದ ಅದಕ್ಕೆ ಬೇರೆಯೇ ದಾರಿ ಬೇಕು. ಸದ್ಯಕ್ಕೆ ಹಳೆಯ ಹಾಳೆಗಳನ್ನು ತೆಗೆದು, ‘ದಿ’ ಬಿಟ್ಟ ಕಡೆಯೆಲ್ಲ ಹಸಿರು ಶಾಯಿಯಲ್ಲಿ ಗುರುತು ಹಾಕುತ್ತಿದ್ದೇನೆ.